ಮೊದಲ ಚಾನೆಲ್‌ಗೆ ರೇಷ್ಮೆನಾ, ಅಡುಗೆನಾ, ಮೊಬೈಲ್‌ನಾ?

ಪ್ರಶ್ನೆ, ಮಳವಳ್ಳಿ ತಾಲೂಕಿನ ರೈತರಿಂದ

ನಮಸ್ಕಾರ ಸಾರ್. ಹನ್ನೊಂದು ವರ್ಷದಿಂದ ಹುಳ ಸಾಕ್ತಾ ಇದೀನಿ, ಒಂದೂವರೆ ಎಕರೆ ಹಿಪ್ಪುನೇರಳೆ ಇದೆ. ಯೂಟ್ಯೂಬ್ ಚಾನೆಲ್ ಶುರು ಮಾಡ್ಬೇಕು. ಮೊಬೈಲ್ ರಿವ್ಯೂ ಮಾಡೋ ಆಸೆ ಇದೆ. ಮನೆಯವರು ಅಡುಗೆ ಮಾಡೋಣ ಅಂತಾರೆ. ರೇಷ್ಮೆ ಬಗ್ಗೆ ಮಾಡಿದ್ರೆ ಯಾರು ನೋಡ್ತಾರೆ ಅಂತ ಊರಲ್ಲಿ ಕೇಳ್ತಾರೆ. ಯಾವುದನ್ನ ಹಿಡಿದ್ರೆ ನಾಲ್ಕೈದು ವರ್ಷ ಆದ್ಮೇಲೂ ದುಡ್ಡು ಬರುತ್ತೆ?

ಉತ್ತರ, ಮೈಸೂರಿನ ಚಾನೆಲ್ ಸಲಹೆಗಾರರಿಂದ

ರೇಷ್ಮೆಯನ್ನೇ ಹಿಡಿಯಿರಿ. ಆದರೆ ಜಾಹೀರಾತಿನ ದುಡ್ಡಿನಿಂದ ಸಂಸಾರ ನಡೆಯುತ್ತೆ ಅಂತ ಲೆಕ್ಕ ಹಾಕಬೇಡಿ. ಕಾರಣ ಬಿಡಿಸಿ ಹೇಳ್ತೀನಿ.

ಮೊಬೈಲ್ ರಿವ್ಯೂ ಮಾಡೋರಿಗೆ ಫೋನು ಬಿಡುಗಡೆ ಆದ ವಾರವೇ ಕೈಲಿರಬೇಕು. ಪ್ರತಿ ಸಲ ಕೊಂಡುಕೊಳ್ಳೋಕೆ ಆಗಲ್ಲ, ಕಂಪನಿಗಳು ಹೊಸಬರಿಗೆ ಕಳಿಸೋದೂ ಇಲ್ಲ. ಅದಕ್ಕಿಂತ ದೊಡ್ಡ ತೊಂದರೆ ಅಂದ್ರೆ, ಮುಂದಿನ ಮಾಡೆಲ್ ಬಂದ ದಿನ ನಿಮ್ಮ ವಿಡಿಯೋ ಸತ್ತ ಹಾಗೆ. ಅಡುಗೆಗೆ ನೋಡುಗರು ಬೇಕಾದಷ್ಟು ಇದ್ದಾರೆ, ಆದರೆ ಬಸ್ಸಾರು ಅಂತ ಹುಡುಕಿದವರ ಮುಂದೆ ಆಗಲೇ ನೂರಾರು ಬಸ್ಸಾರು ಇರುತ್ತೆ. ನಿಮ್ಮದನ್ನೇ ಯಾಕೆ ಒತ್ತಬೇಕು ಅನ್ನೋದಕ್ಕೆ ಉತ್ತರ ಇಲ್ಲದೆ ಇಳಿಯಬಾರದು.

ರೇಷ್ಮೆಯಲ್ಲಿ ಆ ಉತ್ತರ ನಿಮ್ಮ ಹುಳಮನೆಯಲ್ಲೇ ಇದೆ. ಅದು ನಿಜವಾ ಅಂತ ಪರೀಕ್ಷೆ ಮಾಡಿ. ಒಂದು ಹಾಳೆ ತಗೊಂಡು, ಯಾವುದನ್ನೂ ನೋಡದೆ ಮೂವತ್ತು ವಿಡಿಯೋ ಹೆಸರು ಬರೀರಿ. ಒಂದೊಂದಕ್ಕೂ ಐದು ನಿಮಿಷ ಮಾತಾಡೋಷ್ಟು ಸರಕು ಇರಬೇಕು. "ರೇಷ್ಮೆ ಕೃಷಿ ಮಾಹಿತಿ" ಅನ್ನೋದು ಲೆಕ್ಕಕ್ಕಿಲ್ಲ. "ನಾಲ್ಕನೇ ಜ್ವರ ಎದ್ದು ಪೊರೆ ಬಿಟ್ಟ ಮೇಲೆ ಹುಳ ಸೊಪ್ಪು ತಿನ್ನದೆ ಇದ್ದರೆ" ಅನ್ನೋದು ಲೆಕ್ಕಕ್ಕಿದೆ. ಹದಿನೈದಕ್ಕೇ ಪೆನ್ನು ನಿಂತುಬಿಟ್ಟರೆ ಆ ವಿಷಯ ನಿಮಗಲ್ಲ.

ಆಮೇಲೆ ಬೇಡಿಕೆ ನೋಡಿ. ಬ್ರೌಸರ್‌ನಲ್ಲಿ ಇನ್‌ಕಾಗ್ನಿಟೊ ತೆರೆದು ಯೂಟ್ಯೂಬ್‌ಗೆ ಹೋಗಿ, ಇಲ್ಲಾಂದ್ರೆ ನೀವು ಹಿಂದೆ ನೋಡಿದ್ದನ್ನೇ ಮುಂದೆ ತಂದಿಡುತ್ತೆ. `ರೇಷ್ಮೆ ಹುಳ` ಅಂತಲೂ ಹುಡುಕಿ, `reshme hula`, `reshme hulu` ಅಂತಲೂ ಹುಡುಕಿ. ನಮ್ಮ ರೈತರು ಕನ್ನಡವನ್ನ ಇಂಗ್ಲಿಷ್ ಅಕ್ಷರದಲ್ಲಿ ಹೊಡೆಯೋದು ಬಹಳ. ಕೆಳಗೆ ತಾನಾಗೇ ಇಳಿಯೋ ಸಾಲುಗಳನ್ನ ಬರೆದಿಟ್ಟುಕೊಳ್ಳಿ, ಅವು ಜನ ನಿಜವಾಗಿ ಕೇಳಿದ ಪ್ರಶ್ನೆಗಳು. ಗೂಗಲ್ ಟ್ರೆಂಡ್ಸ್‌ನಲ್ಲಿ `YouTube Search` ಆರಿಸಿ ನೋಡಬಹುದು, ಆದರೆ ಇಷ್ಟು ಚಿಕ್ಕ ವಿಷಯಕ್ಕೆ ಅದು ಖಾಲಿ ತೋರಿಸೋದೇ ಹೆಚ್ಚು. ಖಾಲಿ ಅಂದ ಮಾತ್ರಕ್ಕೆ ಬೇಡಿಕೆ ಇಲ್ಲ ಅಂತಲ್ಲ.

ಪೈಪೋಟಿಗೆ, ಪ್ರತಿ ಹುಡುಕಾಟದ ಮೊದಲ ಹತ್ತು ವಿಡಿಯೋ ತೆರೆದು ಮೂರೇ ಸಂಗತಿ ಬರೀರಿ: ಚಾನೆಲ್‌ಗೆ ಎಷ್ಟು ಸಬ್‌ಸ್ಕ್ರೈಬರ್, ಆ ವಿಡಿಯೋಗೆ ಎಷ್ಟು ವ್ಯೂ, ಹಾಕಿ ಎಷ್ಟು ಕಾಲ ಆಯ್ತು. ಎರಡು ಸಾವಿರ ಸಬ್‌ಸ್ಕ್ರೈಬರ್ ಇರೋ ಚಾನೆಲ್‌ನ ವಿಡಿಯೋ ಅರವತ್ತು ಸಾವಿರ ವ್ಯೂ ತಗೊಂಡಿದ್ರೆ, ಜನ ಚಾನೆಲ್ ನೋಡಿ ಬಂದಿಲ್ಲ, ವಿಷಯ ಹುಡುಕಿಕೊಂಡು ಬಂದಿದ್ದಾರೆ. ನಾಲ್ಕು ವರ್ಷ ಹಳೆಯ ವಿಡಿಯೋ ಇನ್ನೂ ಮೇಲೆ ಕೂತಿದ್ದು, ಕಳೆದ ತಿಂಗಳೂ ಯಾರೋ ಕೆಳಗೆ ಪ್ರಶ್ನೆ ಕೇಳಿ ಉತ್ತರ ಸಿಗದೆ ಹೋಗಿದ್ರೆ, ಅದೇ ನಿಮ್ಮ ಜಾಗ.

ಮಂಡ್ಯದ ಸದಸ್ಯರೊಬ್ಬರು

ಅಣ್ಣ, ಇಷ್ಟೆಲ್ಲ ಯಾಕೆ? ಹಣಕಾಸಿನ ಚಾನೆಲ್‌ಗೆ ಸಾವಿರ ವ್ಯೂಗೆ ಬೇರೆಯವರಿಗಿಂತ ಜಾಸ್ತಿ ದುಡ್ಡು ಕೊಡ್ತಾರೆ. ಷೇರು, ಮ್ಯೂಚುಯಲ್ ಫಂಡ್ ಅಂತ ಮಾಡ್ಲಿ. ರೇಷ್ಮೇಲಿ ಪೈಪೋಟಿನೇ ಇಲ್ಲ ಅಂದ್ರೆ ನೋಡೋರೂ ಇಲ್ಲ ಅಂತ ತಾನೇ ಅರ್ಥ?

ಸಲಹೆಗಾರರು

ಮೊದಲ ಮಾತು ಸರಿ. ಬ್ಯಾಂಕು, ಸಾಲ, ವಿಮೆಯವರು ಜಾಹೀರಾತಿಗೆ ಹೆಚ್ಚು ಕೊಡ್ತಾರೆ, ಅದರ ಪಾಲು ಚಾನೆಲ್‌ಗೂ ಬರುತ್ತೆ. ಆದರೆ ಇಂಥ ಷೇರು ಕೊಳ್ಳಿ ಅಂತ ಸಲಹೆ ಕೊಡೋಕೆ ಸೆಬಿ ನೋಂದಣಿ ಬೇಕು. ಗೊತ್ತಿಲ್ಲದ ವಿಷಯದಲ್ಲಿ ಹತ್ತು ವಿಡಿಯೋ ಆದ್ಮೇಲೆ ಬೇರೆಯವರದ್ದನ್ನೇ ತಿರುಗಿಸಿ ಹೇಳೋ ಗತಿ ಬರುತ್ತೆ. ದರ ಹೆಚ್ಚಿದ್ದು ಏನು ಬಂತು, ವ್ಯೂ ಇಲ್ಲದಿದ್ದರೆ?

ಎರಡನೆಯದು ಒಳ್ಳೆ ಎಚ್ಚರಿಕೆ. ಪೈಪೋಟಿ ಪೂರ್ತಿ ಸೊನ್ನೆ ಇದ್ರೆ ನಾನೂ ಹಿಂಜರಿಯುತ್ತಿದ್ದೆ. ಮೊದಲ ಹತ್ತರಲ್ಲಿ ವ್ಯೂ ಇರೋ ವಿಡಿಯೋ ಮೂರ್ನಾಲ್ಕಾದರೂ ಇರಬೇಕು, ಅದಕ್ಕೇ ಎಣಿಸಿ ಅಂದಿದ್ದು.

ಮೈಸೂರಿನಿಂದ ಒಬ್ಬ ಗೃಹಿಣಿ

ಸರ್, ನಂದೂ ಇದೇ ಕಥೆ. ಅಡುಗೆ ಶಾರ್ಟ್ಸ್ ಹಾಕ್ತೀನಿ, ಮೂರು ತಿಂಗಳಲ್ಲಿ ಹನ್ನೆರಡು ಲಕ್ಷ ವ್ಯೂ ಆಗಿದೆ, ಸಬ್‌ಸ್ಕ್ರೈಬರ್ ಸಾವಿರ ದಾಟಿದಾರೆ. ದುಡ್ಡು ಯಾವಾಗ ಶುರು ಆಗುತ್ತೆ? ವಿಷಯ ಬದಲಾಯಿಸಬೇಕಾ?

ಸಲಹೆಗಾರರು

ಅಕ್ಕಾ, ನಿಮ್ಮ ತೊಡಕು ವಿಷಯದ್ದಲ್ಲ, ವಿಡಿಯೋ ಬಗೆಯದ್ದು. ಜಾಹೀರಾತಿನ ಪಾಲು ಸಿಗೋಕೆ ಸಾವಿರ ಸಬ್‌ಸ್ಕ್ರೈಬರ್ ಜೊತೆ ಎರಡರಲ್ಲಿ ಒಂದು ಆಗಬೇಕು: ಹಿಂದಿನ 12 ತಿಂಗಳಲ್ಲಿ 4,000 ಗಂಟೆ ವೀಕ್ಷಣೆ, ಇಲ್ಲವೇ ಹಿಂದಿನ 90 ದಿನದಲ್ಲಿ ಶಾರ್ಟ್ಸ್‌ಗೆ ಒಂದು ಕೋಟಿ ವ್ಯೂ. ಶಾರ್ಟ್ಸ್ ಫೀಡಿನಲ್ಲಿ ನೋಡಿದ್ದು ಆ 4,000 ಗಂಟೆಗೆ ಸೇರೋದೇ ಇಲ್ಲ. ಹನ್ನೆರಡು ಲಕ್ಷ ಕೋಟಿಗೆ ಬಹಳ ದೂರ. ಅದೇ ಅಡುಗೆಯನ್ನ ಫೋನು ಅಡ್ಡ ಹಿಡಿದು ಆರೇಳು ನಿಮಿಷದ ವಿಡಿಯೋ ಮಾಡಿ. ಫೋನು ನೆಟ್ಟಗೆ ಹಿಡಿದು ತೆಗೆದ ಮೂರು ನಿಮಿಷದೊಳಗಿನ ವಿಡಿಯೋ ಹಾಕಿದ್ರೆ ಅದೂ ಶಾರ್ಟ್ಸ್ ಪಾಲಾಗುತ್ತೆ.

ಮಳವಳ್ಳಿಯವರೂ ಈ ಲೆಕ್ಕ ನೋಡಿ. 4,000 ಗಂಟೆ ಅಂದ್ರೆ 2,40,000 ನಿಮಿಷ. ಒಬ್ಬರು ಸರಾಸರಿ 4 ನಿಮಿಷ ನೋಡಿದ್ರೆ 60,000 ವ್ಯೂ ಬೇಕು. ವರ್ಷಕ್ಕೆ 40 ವಿಡಿಯೋ ಹಾಕಿದ್ರೆ ಒಂದೊಂದಕ್ಕೆ 1,500. ರೇಷ್ಮೆಗೆ ಇದು ಆಗದ ಮಾತೇನಲ್ಲ. ಈಗ ಇನ್ನೊಂದು ಮಗ್ಗುಲು. ಸಾವಿರ ವ್ಯೂಗೆ ಕೈಗೆ 30 ರೂಪಾಯಿ ಬಂತು ಅಂತ ಅಂದಾಜಿಗೆ ಇಟ್ಟುಕೊಳ್ಳಿ, ಹೆಚ್ಚೂ ಬರಬಹುದು, ಕಡಿಮೆಯೂ ಬರಬಹುದು. ಆ 60,000 ವ್ಯೂಗೆ ಸಿಗೋದು 1,800 ರೂಪಾಯಿ. ತಿಂಗಳಿಗೆ 15,000 ಬರಬೇಕಾದ್ರೆ ತಿಂಗಳಿಗೆ ಐದು ಲಕ್ಷ ವ್ಯೂ ಬೇಕು, ಹುಳ ಸಾಕೋರಷ್ಟೇ ನೋಡೋ ಕನ್ನಡದ ಚಾನೆಲ್‌ಗೆ ಅದು ಕಷ್ಟ. ಜಾಹೀರಾತು ನೆಚ್ಚಬೇಡಿ ಅಂದಿದ್ದು ಇದಕ್ಕೆ.

ರೇಷ್ಮೆಯ ಆದಾಯ ಬೇರೆ ಕಡೆಯಿಂದ ಬರುತ್ತೆ. ನಿಮ್ಮ ನೋಡುಗರು ಪ್ರತಿ ಬೆಳೆಗೂ ಚಾಕಿಯ ಮರಿ ಹುಳ, ಸೋಂಕು ನಿವಾರಕ ಕೊಳ್ಳೋರು, ಆಗಾಗ ಗೂಡು ಕಟ್ಟಿಸೋ ಚಂದ್ರಿಕೆ, ನೈಲಾನ್ ಬಲೆ ಹುಡುಕೋರು. ಚಾಕಿ ಕೇಂದ್ರದವರಿಗೆ, ನರ್ಸರಿಯವರಿಗೆ ಅಂಥ ಎರಡು ಸಾವಿರ ನೋಡುಗರು ಬೇರೆ ಎರಡು ಲಕ್ಷಕ್ಕಿಂತ ಬೆಲೆ ಬಾಳ್ತಾರೆ. ದುಡ್ಡು ತಗೊಂಡು ತೋರಿಸಿದ ದಿನ ಅಪ್‌ಲೋಡ್‌ನಲ್ಲಿ ಪೇಯ್ಡ್ ಪ್ರೊಮೋಷನ್ ಗುರುತು ಹಾಕಿ, ಬಾಯಲ್ಲೂ ಹೇಳಿ.

ಪ್ರಶ್ನೆ ಕೇಳಿದವರು, ನಾಲ್ಕು ದಿನದ ನಂತರ

ಸಾರ್, ಹೆಸರು ಇಪ್ಪತ್ತಾರಕ್ಕೆ ನಿಂತಿತ್ತು, ಎರಡನೇ ದಿನ ಮೂವತ್ನಾಲ್ಕಾಯ್ತು. ಹುಡುಕಿ ನೋಡಿದೆ. `ರೇಷ್ಮೆ ಗೂಡಿನ ಬೆಲೆ` ಅಂದ್ರೆ ದಿನಾ ಹಾಕೋ ಚಾನೆಲ್ಲೇ ಏಳು. ಊಜಿ ನೊಣಕ್ಕೆ ಹತ್ತರಲ್ಲಿ ನಾಲ್ಕು ಬೇರೆ ಭಾಷೇದು, ಮೂರು ಭಾಷಣದ ಥರ, ಕನ್ನಡದ್ದು ಒಂದು ಚಿಕ್ಕ ಚಾನೆಲ್‌ದು ನಲವತ್ತು ಸಾವಿರ ದಾಟಿದೆ, ಮೂರು ವರ್ಷ ಹಳೇದು. ಹಾಲುತೊಂಡೆ ರೋಗಕ್ಕೂ ಹೆಚ್ಚುಕಮ್ಮಿ ಹಾಗೇ. ಬೆಲೆ ವಿಡಿಯೋ ಮಾಡಿದ್ರೆ ಬೇಗ ಬೆಳೀಬಹುದು ಅನ್ಸುತ್ತೆ?

ಸಲಹೆಗಾರರು

ಬೇಗ ವ್ಯೂ ಬರುತ್ತೆ, ಆದರೆ ಇವತ್ತಿನ ರಾಮನಗರ ಮಾರುಕಟ್ಟೆ ಬೆಲೆ ನಾಳೆ ಯಾರಿಗೂ ಬೇಡ. ದಿನಾ ಮಾಡ್ಬೇಕು, ಒಂದು ದಿನ ಬಿಟ್ಟರೆ ಬೇರೆಯವರ ಕಡೆ ಹೋಗ್ತಾರೆ. ಊಜಿ, ಹಾಲುತೊಂಡೆ, ಸುಣ್ಣಕಟ್ಟು ಹಾಗಲ್ಲ. ಆಯಾ ಹವಾಮಾನ ಬಂದಾಗ ಪ್ರತಿ ವರ್ಷ ಮರಳಿ ಬರ್ತವೆ, ವಿಡಿಯೋನೂ ಅವುಗಳ ಜೊತೆ ಮರಳಿ ಓಡುತ್ತೆ. ನಿಮ್ಮ ಪಟ್ಟಿ ಹೇಳ್ತಿರೋ ಜಾಗ ಅದು: ಕನ್ನಡದಲ್ಲಿ, ಹುಳಮನೆಯೊಳಗೆ ನಿಂತು, ರೋಗ ಮತ್ತು ಕೀಟ.

ಹೆಸರಿಡುವಾಗ ರೋಗದ ಹೆಸರು ಮುಂದಿಡಬೇಡಿ. ಊಜಿ ಅಂತ ಗೊತ್ತಿರೋ ರೈತ ಹುಡುಕೋದು ಕಡಿಮೆ. ಗೊತ್ತಿಲ್ಲದವನು "ಹುಳದ ಮೈ ಮೇಲೆ ಕರಿ ಚುಕ್ಕೆ" ಅಂತ ಹೊಡೀತಾನೆ. ಕಾಣೋ ಲಕ್ಷಣ ಮೊದಲು, ರೋಗದ ಹೆಸರು ಆಮೇಲೆ.

ಒಂದು ಅಪಾಯ ಇದೆ, ಇದನ್ನ ಹಗುರಾಗಿ ತಗೋಬೇಡಿ. ಔಷಧದ ಪ್ರಮಾಣ ತಪ್ಪು ಹೇಳಿದ್ರೆ ಇನ್ನೊಬ್ಬರ ಬೆಳೆ ಹೋಗುತ್ತೆ, ಸುದ್ದಿ ಎರಡೇ ದಿನದಲ್ಲಿ ತಾಲೂಕೆಲ್ಲ ಹಬ್ಬುತ್ತೆ. ರೋಗದ ವಿಡಿಯೋ ಹಾಕೋ ಮುಂಚೆ ಇಲಾಖೆಯ ತಾಂತ್ರಿಕ ಸೇವಾ ಕೇಂದ್ರದಲ್ಲಿ ತೋರಿಸಿ, ಮೈಸೂರಿನ ರೇಷ್ಮೆ ಸಂಶೋಧನಾ ಸಂಸ್ಥೆಯ ಶಿಫಾರಸಿಗೆ ಪ್ರಮಾಣ ತಾಳೆ ನೋಡಿ.

ಮಂಡ್ಯದ ಸದಸ್ಯರು

ಸರಿ, ಒಪ್ಪಿದೆ. ಆದ್ರೆ ಚಾನೆಲ್ ಹೆಸರಲ್ಲೇ ರೇಷ್ಮೆ ಅಂತ ಕಟ್ಟಿಹಾಕ್ಬೇಡಿ ಅಣ್ಣ. ನಾಳೆ ಹಸು, ಕಬ್ಬು ಅಂತ ಹೋಗ್ಬೇಕಾದ್ರೆ?

ಸಲಹೆಗಾರರು

ಇದರಲ್ಲಿ ನನಗೂ ಪೂರ್ತಿ ತೀರ್ಮಾನ ಇಲ್ಲ. ರೇಷ್ಮೆ ಅಂತ ಹೆಸರಿದ್ರೆ ಬಂದವನು ತಕ್ಷಣ ಇದು ನನ್ನದು ಅಂತ ಉಳೀತಾನೆ. ಅಗಲ ಹೆಸರಿಟ್ಟರೆ ಮುಂದೆ ದಾರಿ ಇರುತ್ತೆ, ಆದರೆ ಮೂರನೇ ವಾರಕ್ಕೇ ಕಬ್ಬಿನ ಕಡೆ ಕೈ ಹೋಗುತ್ತೆ. ಹುಳಕ್ಕೆ ಬಂದವನು ಕಬ್ಬು ಒತ್ತಲ್ಲ, ಒತ್ತದಿದ್ರೆ ಯೂಟ್ಯೂಬ್ ನಿಮ್ಮ ವಿಡಿಯೋ ತೋರಿಸೋದನ್ನ ಕಡಿಮೆ ಮಾಡುತ್ತೆ. ಹೆಸರನ್ನ ಆಮೇಲೂ ಬದಲಾಯಿಸಬಹುದು, ಅದಕ್ಕೆ ಅಡ್ಡಿ ಇಲ್ಲ.

ಮೊದಲ ಹನ್ನೆರಡು ವಿಡಿಯೋ ರೋಗ, ಕೀಟದ್ದೇ ಹಾಕಿ, ವಾರಕ್ಕೊಂದರಂತೆ. ಆಮೇಲೆ ಸ್ಟುಡಿಯೋದಲ್ಲಿ `Average view duration` ನೋಡಿ, ವ್ಯೂ ಎಲ್ಲಿಂದ ಬರ್ತಿದೆ ಅನ್ನೋ ಕಡೆ `YouTube search` ಪಾಲು ಎಷ್ಟಿದೆ ನೋಡಿ. ಹುಡುಕಿ ಬಂದವರು ಇದ್ದೂ ಒಂದೇ ನಿಮಿಷಕ್ಕೆ ಹೋಗ್ತಿದ್ರೆ ವಿಷಯ ಸರಿ ಇದೆ, ನೀವು ಶುರು ಮಾಡೋ ರೀತಿ ತಪ್ಪಿದೆ. ನಮಸ್ಕಾರ, ಪರಿಚಯ ಎಲ್ಲ ತೆಗೆದು ಮೊದಲ ಹತ್ತು ಸೆಕೆಂಡಿನಲ್ಲೇ ಆ ಕರಿ ಚುಕ್ಕೆ ಇರೋ ಹುಳವನ್ನ ಹತ್ತಿರದಿಂದ ತೋರಿಸಿ. ಹುಡುಕಿ ಬರೋರೇ ಇಲ್ಲದಿದ್ರೆ ಆ ಹನ್ನೆರಡು ಹೆಸರನ್ನ ಇಲ್ಲಿ ಹಾಕಿ, ನೋಡೋಣ.

ಪ್ರಶ್ನೆ ಕೇಳಿದವರು

ಆಯ್ತು ಸಾರ್. ಹುಳ ಈಗ ಮೂರನೇ ಜ್ವರಕ್ಕೆ ಕೂತಿವೆ. ಎದ್ದ ಮೇಲೆ ಮೊದಲನೇದು ತೆಗೀತೀನಿ.