2.20 ಎಕರೆ ಅಂದ್ರೆ ಎಷ್ಟು? ಗುಂಟೆ, ಸೆಂಟ್, ಎಕರೆ ರೇಟ್ ಹೋಲಿಸುವಾಗ ಲೆಕ್ಕ ತಾಳೆಯಾಗ್ತಿಲ್ಲ

ತೆಂಗಿನಗರಿ
ಮೂರು ಜಮೀನಿನ ಜಾಹೀರಾತು ಎಕ್ಸೆಲ್‌ಗೆ ಹಾಕಿಕೊಂಡು ಎಕರೆ ರೇಟ್ ಹೋಲಿಸ್ತಾ ಇದ್ದೀನಿ.

ಒಂದು: ತಿಪಟೂರು ಕಡೆ ತೆಂಗಿನ ತೋಟ, 2.20 ಎಕರೆ, ಗುಂಟೆಗೆ 80 ಸಾವಿರ, ಒಟ್ಟು 80 ಲಕ್ಷ.
ಎರಡು: ಬೆಳ್ತಂಗಡಿ ಕಡೆ ಅಡಿಕೆ ತೋಟ, 1.75 ಎಕರೆ, ಸೆಂಟ್‌ಗೆ 38 ಸಾವಿರ, ಒಟ್ಟು 66.5 ಲಕ್ಷ.
ಮೂರು: ಚನ್ನರಾಯಪಟ್ಟಣ ಕಡೆ ಖಾಲಿ ಜಮೀನು, 3.10 ಎಕರೆ, ಎಕರೆಗೆ 30 ಲಕ್ಷ, ಒಟ್ಟು 97.5 ಲಕ್ಷ.

ಗುಂಟೆಗೆ 80 ಸಾವಿರ ಅಂದ್ರೆ ಎಕರೆಗೆ 32 ಲಕ್ಷ ಆಗ್ಬೇಕು. ಆದ್ರೆ 80 ಲಕ್ಷವನ್ನ 2.20ರಿಂದ ಭಾಗಿಸಿದ್ರೆ 36.36 ಲಕ್ಷ ಬರುತ್ತೆ. ಮೂರನೆಯದೂ ಹಾಗೇ, 3.10ಕ್ಕೆ 30 ಲಕ್ಷದ ಹಾಗೆ 93 ಲಕ್ಷ ಆಗ್ಬೇಕು, 97.5 ಹಾಕಿದ್ದಾರೆ. ಎರಡನೆಯದು ಮಾತ್ರ ಸರಿಯಾಗಿ 38 ಲಕ್ಷ ಬರ್ತಿದೆ. ಬ್ರೋಕರ್‌ಗಳು ಕಮಿಷನ್ ಒಳಗೇ ಸೇರಿಸಿದ್ದಾರಾ?

ಹಳ್ಳಿಹೈದ
ಕಮಿಷನ್ ಅಲ್ಲ ಗುರು. ಚುಕ್ಕೆ ಆದ್ಮೇಲೆ ಇರೋದು ಗುಂಟೆ. 2.20 ಅಂದ್ರೆ 2 ಎಕರೆ 20 ಗುಂಟೆ, ಅಂದ್ರೆ ಎರಡೂವರೆ ಎಕರೆ. 40 ಗುಂಟೆಗೆ ಒಂದು ಎಕರೆ ಅಲ್ವಾ. ಎಲ್ಲದಕ್ಕೂ ಇದೇ ಲೆಕ್ಕ ಹಾಕು. ನಿನ್ನ ಎರಡನೆಯದು 1 ಎಕರೆ 75 ಗುಂಟೆ ಆಯ್ತು, ಅಂದ್ರೆ 2 ಎಕರೆ 35 ಗುಂಟೆ. ಎಕರೆಗೆ 23 ಲಕ್ಷ ಚಿಲ್ಲರೆ ಬೀಳುತ್ತೆ. ಕಣ್ಣು ಮುಚ್ಕೊಂಡು ಅದನ್ನೇ ತಗೋ.

ಸರ್ವೆಕಲ್ಲು
ಮೊದಲನೆಯದಕ್ಕೆ ಹಳ್ಳಿಹೈದ ಹೇಳಿದ್ದು ಸರಿ, ಎರಡನೆಯದಕ್ಕೆ ಪೂರ್ತಿ ತಪ್ಪು. 40 ಗುಂಟೆ ಆದ ಕೂಡಲೇ ಅದು ಎಕರೆಗೆ ಸೇರಿಹೋಗುತ್ತೆ. ಹಾಗಾಗಿ ಗುಂಟೆಯ ಜಾಗದಲ್ಲಿ 39ಕ್ಕಿಂತ ದೊಡ್ಡ ಅಂಕಿ ಬರೋಕೆ ಸಾಧ್ಯವೇ ಇಲ್ಲ. 75 ಅಂತ ಇದೆ ಅಂದ್ರೆ ಅದು ಸೆಂಟ್.

ದಕ್ಷಿಣ ಕನ್ನಡ, ಉಡುಪಿ, ಕೊಡಗಲ್ಲಿ ಪಹಣಿಯೇ ಎಕರೆ-ಸೆಂಟ್ಸ್ ಲೆಕ್ಕದಲ್ಲಿ ಇರುತ್ತೆ. 100 ಸೆಂಟ್ಸ್‌ಗೆ ಒಂದು ಎಕರೆ, ಆದ್ದರಿಂದ ಅಲ್ಲಿ 1.75 ಅಂದ್ರೆ ನಿಜವಾಗಿಯೂ ಒಂದೂಮುಕ್ಕಾಲು ಎಕರೆ, ನೇರವಾಗಿ ಭಾಗಿಸಬಹುದು. ತುಮಕೂರು, ಹಾಸನದ ಪಹಣಿಯಲ್ಲಿ ಅದೇ ಜಾಗದಲ್ಲಿ ಗುಂಟೆ ಇರುತ್ತೆ. ನಿಮ್ಮ ಶೀಟ್‌ನಲ್ಲಿ ಒಂದು ಸಾಲು ಸರಿ ಬಂದು ಎರಡು ಸಾಲು ಕೆಟ್ಟಿದ್ದು ಇದಕ್ಕೇ.

ತೊಂದರೆ ಬರೋದು 39ರ ಒಳಗಿನ ಅಂಕಿಗಳಲ್ಲಿ. 2.20 ನೋಡಿದ್ರೆ ಗುಂಟೆಯೂ ಇರಬಹುದು, ಸೆಂಟೂ ಇರಬಹುದು. ಆಗ ಒಟ್ಟು ಬೆಲೆಯನ್ನ ಎಕರೆ ರೇಟ್‌ನಿಂದ ಭಾಗಿಸಿ ನೋಡಿ. 80 ಲಕ್ಷ ಭಾಗಿಸು 32 ಲಕ್ಷ, 2.5 ಬಂತು. ಹಾಗಾಗಿ 20 ಅನ್ನೋದು ಗುಂಟೆ. 97.5 ಭಾಗಿಸು 30, 3.25 ಬಂತು. 10 ಗುಂಟೆ ಅಂದ್ರೆ ಕಾಲು ಎಕರೆ, ತಾಳೆ ಆಯ್ತು. ಜಾಹೀರಾತಲ್ಲಿ ಒಟ್ಟು ಬೆಲೆ ಮಾತ್ರ ಇದ್ದರೆ ಈ ಪರೀಕ್ಷೆ ನಡೆಯಲ್ಲ, ಸರ್ವೆ ನಂಬರ್ ಕೇಳಿ ಪಹಣಿಯನ್ನೇ ನೋಡ್ಬೇಕು.

ಎಕ್ಸೆಲ್‌ನಲ್ಲಿ ವಿಸ್ತೀರ್ಣವನ್ನ ಒಂದೇ ಕಾಲಂಗೆ ಹಾಕಬೇಡಿ. 2.20 ಅಂತ ಬರೆದರೆ ಅದು 2.2 ಅಂತ ತೋರಿಸುತ್ತೆ, ಒಂದು ವಾರ ಬಿಟ್ಟು ನೋಡಿದಾಗ ಅದು 2 ಎಕರೆ 2 ಗುಂಟೆಯೋ 20 ಗುಂಟೆಯೋ ಅಂತ ನಿಮಗೇ ಗೊಂದಲ ಆಗುತ್ತೆ. A ಎಕರೆ, B ಗುಂಟೆ, C ಸೆಂಟ್, D ಒಟ್ಟು ಬೆಲೆ ಅಂತ ಇಟ್ಟುಕೊಂಡು, E2ರಲ್ಲಿ ಎಕರೆ, F2ರಲ್ಲಿ ಎಕರೆ ರೇಟ್ ತೆಗೀರಿ:

```
E2:  =A2+B2/40+C2/100
F2:  =D2/E2
```

ಒಂದು ಸಾಲಲ್ಲಿ B ಇಲ್ಲವೇ C, ಎರಡರಲ್ಲಿ ಒಂದನ್ನು ಮಾತ್ರ ತುಂಬಿ.

ಕುಂಬ್ಳೆಭಟ್ಟ
ನಮ್ಮ ಕಾಸರಗೋಡಿನ ಕತೆ ಬೇರೆ ಮಾರಾಯ್ರೆ. ಬಾಯಲ್ಲಿ ಎಲ್ಲರೂ ಸೆಂಟ್ ಹೇಳ್ತಾರೆ, ದಸ್ತಾವೇಜಿನಲ್ಲಿ ಹೆಕ್ಟೇರ್. ಒಂದು ಜಾಗ 25 ಸೆಂಟ್ ಅಂತ ಹೇಳಿ ಮಾರ್ತಾ ಇದ್ದಾರೆ, ಕಾಗದದಲ್ಲಿ 0.1012 ಹೆಕ್ಟೇರ್ ಉಂಟು. ಇದು ಕಮ್ಮಿ ಅಲ್ವಾ?

ಸರ್ವೆಕಲ್ಲು
ಕಮ್ಮಿ ಇಲ್ಲ ಭಟ್ರೇ. ಹೆಕ್ಟೇರನ್ನ 247.1ರಿಂದ ಗುಣಿಸಿದ್ರೆ ಸೆಂಟ್ ಬರುತ್ತೆ. 0.1012ಕ್ಕೆ ಸರಿಯಾಗಿ 25.

ತೆಂಗಿನಗರಿ
ಈಗ ತಾಳೆ ಆಯ್ತು ಸರ್. 32, 38, 30 ಲಕ್ಷ. ಹಾಗಾದ್ರೆ ಚನ್ನರಾಯಪಟ್ಟಣದ್ದೇ ಅಗ್ಗ ಅಲ್ವಾ? ಅದರ ಪಹಣಿ ತೆಗೆಸಿದೆ. ಕಾಲಂ 3ರಲ್ಲಿ ಒಟ್ಟು ವಿಸ್ತೀರ್ಣ 3.10.00, ಫೂಟ್ ಖರಾಬ್ (ಬ) 0.12.00, ಉಳಿದದ್ದು 2.38.00 ಅಂತಿದೆ. ಕೊನೆಯ ಸೊನ್ನೆಗಳು ಯಾಕೆ?

ಸರ್ವೆಕಲ್ಲು
ಕೊನೆಯದು ಆಣೆ, 16 ಆಣೆಗೆ ಒಂದು ಗುಂಟೆ. ಸೊನ್ನೆ ಇದ್ದರೆ ಬಿಟ್ಟುಬಿಡಿ. 08 ಅಂತ ಇದ್ದರೆ ಗುಂಟೆ ಕಾಲಂನಲ್ಲಿ ಅರ್ಧ ಸೇರಿಸಿ.

ನೋಡಬೇಕಾದ್ದು ಆ 12 ಗುಂಟೆಯನ್ನ. ಬ ಖರಾಬ್ ಅಂದ್ರೆ ಹಳ್ಳ, ದಾರಿ ತರಹದ ಸಾರ್ವಜನಿಕ ಜಾಗ. ಅದು ಮಾರುವವರದ್ದೇ ಅಲ್ಲ, ಆದ್ರೂ 3.10ರಲ್ಲಿ ಸೇರಿಸಿ ನಿಮ್ಮ ಹತ್ರ ದುಡ್ಡು ಕೇಳ್ತಿದ್ದಾರೆ. 3 ಎಕರೆ 10 ಗುಂಟೆ ಅಂದ್ರೆ 130 ಗುಂಟೆ, 12 ಕಳೆದರೆ 118. 97.5 ಲಕ್ಷವನ್ನ 118ರಿಂದ ಭಾಗಿಸಿ 40ರಿಂದ ಗುಣಿಸಿ. ಎಕರೆಗೆ 33 ಲಕ್ಷ ದಾಟುತ್ತೆ. ಫಸಲು ಬರೋ ತಿಪಟೂರಿನ ತೋಟಕ್ಕಿಂತ ಈ ಖಾಲಿ ಜಮೀನು ದುಬಾರಿ. ತಿಪಟೂರಿನದ್ದರಲ್ಲೂ ಖರಾಬ್ ಎಷ್ಟಿದೆ ಅಂತ ನೋಡದೆ ಈ ಮಾತು ಪೂರ್ತಿ ಅಲ್ಲ, ಅದರ ಪಹಣಿಯನ್ನೂ ತೆಗೆಸಿ.

ಹಳ್ಳಿಹೈದ
ಸೆಂಟ್ ವಿಷಯ ಒಪ್ಪಿದೆ. ಆದ್ರೆ ಖರಾಬ್ ಎಲ್ಲಾ ಕಡೆನೂ ಇರುತ್ತಪ್ಪ, ಅದಕ್ಕೆಲ್ಲ ದುಡ್ಡು ಕಳಿಯೋಕೆ ಆಗುತ್ತಾ? ನಮ್ಮೂರಲ್ಲಿ ಹಳ್ಳದಲ್ಲೂ ಜೋಳ ಹಾಕ್ತಾರೆ.

ಸರ್ವೆಕಲ್ಲು
ಹಾಕಲಿ. ಕ್ರಯಪತ್ರದಲ್ಲಿ ಹಳ್ಳ ಬರಲ್ಲ.

ಬೆಳ್ತಂಗಡಿಯವ
ಎರಡನೆಯ ಜಾಗದ ಬಗ್ಗೆ ಯಾರೂ ಕೇಳ್ಲಿಲ್ಲ. ನಮ್ಮ ಕಡೆ ಜಾಹೀರಾತಿನ ವಿಸ್ತೀರ್ಣದಲ್ಲಿ ಕುಮ್ಕಿ ಸೇರಿಸುವ ಅಭ್ಯಾಸ ಉಂಟು. 175 ಸೆಂಟ್ಸ್ ಪೂರ್ತಿ ಪಟ್ಟಾ ಜಾಗವಾ, ಅದರಲ್ಲಿ ಕುಮ್ಕಿ ಉಂಟಾ ಅಂತ ಮೊದಲು ಕೇಳಿ. ಕುಮ್ಕಿ ಸರಕಾರದ ಜಾಗ, ಅನುಭೋಗ ಮಾತ್ರ. ಉದಾಹರಣೆಗೆ 140 ಸೆಂಟ್ಸ್ ಪಟ್ಟಾ, 35 ಕುಮ್ಕಿ ಅಂತಾದ್ರೆ 66.5 ಲಕ್ಷ ಬೀಳುವುದು 140ಕ್ಕೆ, ಸೆಂಟ್‌ಗೆ 47,500. ಆದ್ರೆ ಸೊಪ್ಪು, ದರಲೆಗೆ ಕುಮ್ಕಿ ಇರುವುದು ತೋಟಕ್ಕೆ ದೊಡ್ಡ ಅನುಕೂಲ, ಅದಕ್ಕೆ ಬೆಲೆಯೇ ಇಲ್ಲ ಅಂತ ಹೇಳ್ಲಿಕ್ಕೂ ಆಗುದಿಲ್ಲ. ಎಷ್ಟು ಬೆಲೆ ಅಂತ ಕೇಳಿದ್ರೆ ಒಬ್ಬೊಬ್ಬರದು ಒಂದೊಂದು ಲೆಕ್ಕ.

ತೆಂಗಿನಗರಿ
ಕೇಳ್ತೀನಿ. ಶೀಟ್‌ಗೆ ಖರಾಬ್ ಅಂತ ಇನ್ನೊಂದು ಕಾಲಂ ಸೇರಿಸಿದೆ, G2ರಲ್ಲಿ ಗುಂಟೆ ಲೆಕ್ಕದಲ್ಲಿ:

```
E2:  =A2+(B2-G2)/40+C2/100
```

B 10, G 12 ಇದ್ದಾಗ ಒಳಗೆ ಮೈನಸ್ 2 ಬಂತು, ಆದ್ರೂ ಉತ್ತರ 2.95 ಸರಿಯಾಗಿದೆ. ಅ ಖರಾಬ್ ಇದ್ದರೆ ಅದನ್ನೂ ಇದೇ ಕಾಲಂಗೆ ಹಾಕ್ಲಾ?

ಸರ್ವೆಕಲ್ಲು
ನಾನು ಹಾಕಲ್ಲ. ಅ ಖರಾಬ್ ಸಾಗುವಳಿಗೆ ಬಾರದ ಜಾಗ, ಬಂಡೆ, ಕಣ ಅಂಥದ್ದು, ಆದ್ರೆ ಹಿಡುವಳಿದಾರನ ಜೊತೆಗೇ ಇರುತ್ತೆ. ಮನೆ, ಶೆಡ್ಡು ಕಟ್ಟೋಕೆ ಆಗುತ್ತೆ.

ಬೆಳ್ತಂಗಡಿಯವ
ನಾನಾದ್ರೆ ಹಾಕ್ತೇನೆ. ಬಂಡೆಗೆ ತೋಟದ ರೇಟು ಯಾಕೆ ಕೊಡ್ಬೇಕು?

ಸರ್ವೆಕಲ್ಲು
ಬಂಡೆಯೋ ಕಣವೋ ಅನ್ನೋದನ್ನ ಪಹಣಿ ಹೇಳಲ್ಲ, ಜಾಗಕ್ಕೆ ಹೋಗಿಯೇ ನೋಡ್ಬೇಕು. ತೆಂಗಿನಗರಿಯವರೇ, ಚನ್ನರಾಯಪಟ್ಟಣದವರ ಹತ್ರ 118 ಗುಂಟೆಗೇ ಮಾತಾಡಿ. ಅವರದೇ ರೇಟಿನಲ್ಲಿ ಅದು 88.5 ಲಕ್ಷ.