ಅಪ್‌ಡೇಟ್: ಬಡ್ಡಿ ಮತ್ತು ಇನ್ಶೂರೆನ್ಸ್ ಎಂಟ್ರಿ ಸರಿಹೋಯ್ತು

ನಾನು ಕೇಳಿದ್ದು: "ಅಕ್ಟೋಬರ್ 1ಕ್ಕೆ ಅಂಗಡಿಯ ಒಂದು ವರ್ಷದ ಇನ್ಶೂರೆನ್ಸ್‌ಗೆ 24,000 ರೂ. ಕಟ್ಟಿದ್ದೇನೆ. 5 ಲಕ್ಷ ಸಾಲದ ಬಡ್ಡಿ (ವರ್ಷಕ್ಕೆ ಶೇ. 12) ಜನವರಿವರೆಗೆ ಮಾತ್ರ ಕೊಟ್ಟಿದೆ. ಮಾರ್ಚ್ 31ಕ್ಕೆ ಏನು ಎಂಟ್ರಿ?"

ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್. ಇನ್ಶೂರೆನ್ಸ್ ಸುಲಭವಾಗಿ ಮುಗಿಯಿತು. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ಆರು ತಿಂಗಳು ಮುಂದಿನ ವರ್ಷಕ್ಕೆ ಸೇರಿದ್ದು. ಹಾಗಾಗಿ ಪ್ರೀಪೇಯ್ಡ್ ಇನ್ಶೂರೆನ್ಸ್ ಡೆಬಿಟ್ 12,000, ಇನ್ಶೂರೆನ್ಸ್ ಖರ್ಚು ಕ್ರೆಡಿಟ್ 12,000.

ಎಡವಿದ್ದು ಬಡ್ಡಿಯಲ್ಲಿ. ಫೆಬ್ರವರಿ, ಮಾರ್ಚ್ ಎರಡು ತಿಂಗಳಿಗೆ 10,000. ಬಡ್ಡಿ ಖರ್ಚನ್ನು ಡೆಬಿಟ್ ಮಾಡಿ, ಅಭ್ಯಾಸಬಲದಿಂದ ಬ್ಯಾಂಕ್ ಕ್ರೆಡಿಟ್ ಮಾಡಿಬಿಟ್ಟಿದ್ದೆ. ಟ್ರಯಲ್ ಬ್ಯಾಲೆನ್ಸ್ ತಾಳೆಯಾಯಿತು, ತಪ್ಪು ಕಾಣಲೇ ಇಲ್ಲ. ಪಾಸ್‌ಬುಕ್ ಪಕ್ಕದಲ್ಲಿಟ್ಟು ನೋಡಿದಾಗ ಪುಸ್ತಕದಲ್ಲಿ ಸರಿಯಾಗಿ 10,000 ಕಡಿಮೆ! ದುಡ್ಡು ಇನ್ನೂ ಹೋಗಿಲ್ಲ ಅಲ್ವಾ? ಕ್ರೆಡಿಟ್ ಆಗಬೇಕಾದ್ದು 'ಕೊಡಬೇಕಾದ ಬಡ್ಡಿ' ಖಾತೆ. ಅದು ಬ್ಯಾಲೆನ್ಸ್ ಶೀಟ್‌ನಲ್ಲಿ ಹೊಣೆಯ ಕಡೆ ಬರುತ್ತದೆ.

ಏಪ್ರಿಲ್ ಕೊನೆಗೆ ಮೂರು ತಿಂಗಳ ಬಡ್ಡಿ 15,000 ಕಟ್ಟಿದೆ. ಅದರಲ್ಲಿ 10,000 ಆ ಖಾತೆಗೆ ಡೆಬಿಟ್, 5,000 ಮಾತ್ರ ಹೊಸ ವರ್ಷದ ಖರ್ಚು. ಪೂರ್ತಿ ಖರ್ಚಿಗೇ ಹಾಕಿದ್ದರೆ ಎರಡು ತಿಂಗಳ ಬಡ್ಡಿ ಎರಡು ಸಲ ಬರುತ್ತಿತ್ತು.