‘ಆಕಸ್ಮಿಕ ಪರಿಗಣನೆ’ ಅಂದರೆ ಏನು? ಅರ್ನ್-ಔಟ್‌ಗೆ ಕನ್ನಡದಲ್ಲಿ ಏನನ್ನೋಣ?

ಪುಣೆಯಿಂದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಭೋಸರಿಯಲ್ಲಿ ನಮ್ಮ ಮಾವನವರು ಮತ್ತು ಅವರ ಸ್ನೇಹಿತರು ಸೇರಿ ಒಂದು ಬಿಡಿಭಾಗದ ಕಾರ್ಖಾನೆ ನಡೆಸುತ್ತಾರೆ. ಈಗ ಅದನ್ನು ದೊಡ್ಡ ಕಂಪನಿಯೊಂದು ಕೊಳ್ಳುತ್ತಿದೆ. ಕರಾರು ಇಂಗ್ಲಿಷಿನಲ್ಲಿದೆ. ಮಾವನವರಿಗೆ ಕನ್ನಡವೇ ಸಲೀಸು, ಹಾಗಾಗಿ ಎರಡು ಪುಟದ ಸಾರಾಂಶ ಬರೆಯುವ ಕೆಲಸ ನನ್ನ ತಲೆಗೆ ಬಂದಿದೆ.

ವ್ಯವಹಾರ ಹೀಗಿದೆ. ಸಹಿ ಹಾಕಿದ ದಿನ 12 ಕೋಟಿ. ಮುಂದಿನ ಎರಡು ವರ್ಷದ ಸರಾಸರಿ ಎಬಿಟ್ಡಾ, ಅಂದರೆ ಬಡ್ಡಿ, ತೆರಿಗೆ, ಸವಕಳಿ ಕಳೆಯುವ ಮೊದಲಿನ ಲಾಭ, 3 ಕೋಟಿ ದಾಟಿದರೆ ಇನ್ನೂ 4 ಕೋಟಿ. ಈ 4 ಕೋಟಿಯನ್ನು ಕರಾರಿನಲ್ಲಿ ಕಂಟಿಂಜೆಂಟ್ ಕನ್ಸಿಡರೇಶನ್ ಎಂದು ಬರೆದಿದ್ದಾರೆ. ಬಾಯಿಮಾತಿನಲ್ಲಿ ಎಲ್ಲರೂ ಅರ್ನ್-ಔಟ್ ಅನ್ನುತ್ತಾರೆ. ಅನುವಾದ ಮಾಡುವ ಒಬ್ಬರನ್ನು ಕೇಳಿದರೆ ‘ಆಕಸ್ಮಿಕ ಪರಿಗಣನೆ’ ಎಂದು ಬರೆದುಕೊಟ್ಟರು. ಮಾವನವರು ಅದನ್ನು ಓದಿ, “ಇದೇನಮ್ಮಾ, ಆಕ್ಸಿಡೆಂಟ್ ಆದರೆ ಕೊಡೋ ದುಡ್ಡಾ?” ಎಂದು ಕೇಳಿದರು.

ಅದನ್ನು ಹೊಡೆದುಹಾಕಿ ‘ಬಾಕಿ ಹಣ’ ಎಂದು ಬರೆದೆ. ಈಗ ಅವರು ಜಾಸ್ತಿಯೇ ಖುಷಿಯಾಗಿದ್ದಾರೆ. ಕಾರ್ಖಾನೆ 16 ಕೋಟಿಗೆ ಹೋಯಿತು ಎಂದು ನೆಂಟರಿಗೆಲ್ಲ ಹೇಳುತ್ತಿದ್ದಾರೆ. ನನ್ನ ಪದದಲ್ಲೇ ತಪ್ಪಿದೆ ಅನ್ನಿಸುತ್ತಿದೆ. ಯಾವ ಪದ ಸರಿ?

ಡೊಂಬಿವಲಿಯಿಂದ

ಇದಕ್ಕೆ ನಮ್ಮಲ್ಲಿ ಹಳೆಯ ಪದವೇ ಇದೆ: ಸಾದಿಲ್ವಾರು. ನಾನು ಕರ್ನಾಟಕದ ಸರ್ಕಾರಿ ಕಚೇರಿಯಲ್ಲಿದ್ದಾಗ ಕಂಟಿಂಜೆನ್ಸಿ ಅಂದರೆ ಸಾದಿಲ್ವಾರು ಎಂದೇ ಬರೆಯುತ್ತಿದ್ದೆವು. ಸಾದಿಲ್ವಾರು ವೆಚ್ಚ, ಸಾದಿಲ್ವಾರು ನಿಧಿ, ಹೀಗೆ. ‘ಸಾದಿಲ್ವಾರು ಪ್ರತಿಫಲ’ ಎಂದು ಬರೆದುಬಿಡಿ.

ಮುಲುಂಡ್‌ನಿಂದ

ಪ್ರತಿಫಲ ಎಂದದ್ದು ಸರಿ, ಸಾರ್. ನಮ್ಮ ಕ್ರಯಪತ್ರಗಳಲ್ಲೂ ಕನ್ಸಿಡರೇಶನ್‌ಗೆ ಪ್ರತಿಫಲ ಎಂದೇ ಇರುತ್ತದೆ. ಇಲ್ಲಿ ಮರಾಠಿಯಲ್ಲಿ ಮೋಬದಲಾ ಅನ್ನುತ್ತಾರೆ. ಪರಿಗಣನೆ ಅಂದರೆ ಲೆಕ್ಕಕ್ಕೆ ತೆಗೆದುಕೊಳ್ಳುವುದು. ಅದು ಬೇರೆಯೇ ಅರ್ಥ.

ಆದರೆ ಸಾದಿಲ್ವಾರು ಹೊಂದುವುದಿಲ್ಲ. ಅದು ಮುಂಚೆ ಗೊತ್ತಿಲ್ಲದೆ ಎದುರಾಗುವ ಖರ್ಚು. ಇಲ್ಲಿ ಏನಾದರೆ ಹಣ ಬರುತ್ತದೆ ಎಂಬುದು ಮೊದಲೇ ಬರೆದಿದೆ. ಅದು ಆಗುತ್ತದೋ ಇಲ್ಲವೋ ಎಂಬುದಷ್ಟೇ ಗೊತ್ತಿಲ್ಲ. ಹಾಗಾಗಿ ‘ಷರತ್ತಿನ ಪ್ರತಿಫಲ’ ಎಂಬುದು ನನ್ನ ಆಯ್ಕೆ.

‘ಬಾಕಿ’ ಖಂಡಿತ ಬೇಡ, ಮೇಡಂ. ಬಾಕಿ ಅಂದರೆ ಆಗಲೇ ಕೊಡಬೇಕಾಗಿರುವ ಹಣ, ತಡವಾಗಿದೆ ಅಷ್ಟೇ. 4 ಕೋಟಿ ಎರಡು ವರ್ಷ ಬಿಟ್ಟು ಹೇಗಿದ್ದರೂ ಬರುತ್ತದೆ ಎಂದಿದ್ದರೆ ಅದು ಬಾಕಿ. ನಿಮ್ಮದು ಬಾರದೆಯೂ ಹೋಗಬಹುದು.

ಕೊಳ್ಳುವವರ ಪುಸ್ತಕ ನೋಡಿದರೆ ಇದು ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಒಂದು ವ್ಯವಹಾರವನ್ನು ಕೊಂಡಾಗ ಲೆಕ್ಕ ಹೇಗೆ ಬರೆಯಬೇಕು ಎಂದು ಹೇಳುವ ಇಂಡ್ ಎಎಸ್ 103 ಎಂಬ ನಿಯಮವನ್ನು ಪಾಲಿಸುವ ಕಂಪನಿಯಾದರೆ ಮೊದಲ ದಿನ ಬೆಲೆ 12 ಕೋಟಿ ಎಂದೂ ಬರೆಯುವುದಿಲ್ಲ, 16 ಕೋಟಿ ಎಂದೂ ಬರೆಯುವುದಿಲ್ಲ. ಗುರಿ ಮುಟ್ಟುವ ಸಾಧ್ಯತೆ ಎಷ್ಟು, ಎರಡು ವರ್ಷ ಆಚೆಯ ಹಣಕ್ಕೆ ಇವತ್ತಿನ ಬೆಲೆ ಎಷ್ಟು ಎಂದು ನೋಡಿ ಒಂದು ಮೊತ್ತ ಹಾಕುತ್ತಾರೆ. ಅದು 1.8 ಕೋಟಿ ಬಂತು ಅನ್ನಿ, ಬೆಲೆ 13.8 ಕೋಟಿ. ಆಮೇಲೆ ಗುರಿ ಮುಟ್ಟಿ ಪೂರ್ತಿ 4 ಕೋಟಿ ಕೊಟ್ಟರೆ, ಹೆಚ್ಚಾದ 2.2 ಕೋಟಿ ಲಾಭ-ನಷ್ಟದ ಲೆಕ್ಕಕ್ಕೆ ಹೋಗುತ್ತದೆ. ಗುಡ್‌ವಿಲ್, ಅಂದರೆ ಕಾರ್ಖಾನೆಯ ನಿವ್ವಳ ಆಸ್ತಿಗಿಂತ ಹೆಚ್ಚಾಗಿ ಕೊಟ್ಟ ಬೆಲೆ ಎಂದು ಮೊದಲ ದಿನ ಬರೆದ ಮೊತ್ತವನ್ನು ಮುಟ್ಟುವುದಿಲ್ಲ. ಅಂದರೆ ಕಾರ್ಖಾನೆ ಚೆನ್ನಾಗಿ ನಡೆದದ್ದಕ್ಕೇ ಕೊಂಡವರು ನಷ್ಟ ತೋರಿಸಬೇಕು! ವಿಚಿತ್ರ, ಆದರೆ ನಿಯಮ ಹಾಗೇ ಇದೆ.

ಕೋಥರೂಡ್‌ನಿಂದ

ನಾನು ಲೆಕ್ಕದವನಲ್ಲ, ಹೊಲದ ಮನೆಯವನು. ನಮ್ಮ ಕಡೆ ಗೇಣಿ ಬೇರೆ, ಕೋರು ಬೇರೆ. ಗೇಣಿ ಅಂದರೆ ಬೆಳೆ ಬರಲಿ ಬಿಡಲಿ ಇಷ್ಟು ಎಂದು ಕೊಡುವುದು. ಕೋರು ಅಂದರೆ ಬೆಳೆದದ್ದರಲ್ಲಿ ಪಾಲು. ನಿಮ್ಮ 12 ಕೋಟಿ ಗೇಣಿ, 4 ಕೋಟಿ ಕೋರು. ಮಾವನವರಿಗೆ ಹಾಗೆ ಹೇಳಿ ನೋಡಿ, ಒಂದೇ ಮಾತಿಗೆ ತಿಳಿಯುತ್ತದೆ.

ಮುಲುಂಡ್‌ನಿಂದ

ಹೋಲಿಕೆ ಬಹಳ ಹಿಡಿಸಿತು. ಒಂದೇ ತೊಡಕು. ಕೋರಿನಲ್ಲಿ ಒಂದೇ ಚೀಲ ಬೆಳೆದರೂ ಅದರಲ್ಲಿ ಪಾಲುಂಟು. ಇವರ ಕರಾರಿನಲ್ಲಿ ಸರಾಸರಿ 2.98 ಕೋಟಿಗೆ ನಿಂತರೆ ಸಿಗುವುದು ಸೊನ್ನೆ. 3 ಕೋಟಿ ದಾಟಿದರೆ 4 ಕೋಟಿ. ಎರಡು ಲಕ್ಷದ ಮೇಲೆ ನಾಲ್ಕು ಕೋಟಿ ನಿಂತಿದೆ! 2.5 ಕೋಟಿಯಿಂದ ಶುರುವಾಗಿ ಮೆಟ್ಟಿಲು ಮೆಟ್ಟಿಲಾಗಿ ಏರುವಂತೆ ಬರೆಸಿಕೊಂಡರೆ ಆಗ ನಿಜವಾಗಿಯೂ ಕೋರು. ಸಹಿ ಆಗಿಲ್ಲ ಅಂದರೆ ಕೇಳಿ ನೋಡಿ.

ಮಡಗಾಂವ್‌ನಿಂದ

ಇಷ್ಟೆಲ್ಲ ಯಾಕೆ, ಕಂತು ಅಂದರೆ ಸಾಕಲ್ವಾ? ನಮ್ಮಣ್ಣ ಇಲ್ಲಿ ಅಂಗಡಿ ಮಾರಿದಾಗ ಮೂರು ಕಂತಿನಲ್ಲಿ ಹಣ ಬಂತು. ಕೊನೆಯ ಕಂತಿಗೆ ಎಂಟು ತಿಂಗಳು ಅಲೆದಾಡಿಸಿದರು, ಅದು ಬೇರೆ ಕತೆ. ಒಂದು ಎಚ್ಚರಿಕೆ: ಹಣ ಯಾವಾಗ ಬಂದರೂ ತೆರಿಗೆ ಮಾತ್ರ ಮಾರಿದ ವರ್ಷವೇ ಪೂರ್ತಿ ಕಟ್ಟಬೇಕು. ಅಣ್ಣ ಕಟ್ಟಿದ. ನೀವೂ 16 ಕೋಟಿಗೆ ಕಟ್ಟಲು ತಯಾರಾಗಿ.

ಮುಲುಂಡ್‌ನಿಂದ

ನಿಮ್ಮ ಅಣ್ಣನದು ಕಂತೇ. ಮೊತ್ತ ಗಟ್ಟಿಯಾಗಿತ್ತು, ದಿನ ಮಾತ್ರ ಮುಂದಿತ್ತು. ಅಂಥದ್ದಕ್ಕೆ ನೀವು ಹೇಳಿದ ಮಾತು ಹೊಂದುತ್ತದೆ. ಆದರೆ ಮುಂದಿನ ಲಾಭದ ಮೇಲೆ ನಿಂತ ಹಣದ ವಿಷಯದಲ್ಲಿ ಬಾಂಬೆ ಹೈಕೋರ್ಟ್ 2016ರಲ್ಲಿ ಬೇರೆ ಥರ ಹೇಳಿದೆ. ಆ ಪ್ರಕರಣದಲ್ಲಿ ಮೊದಲು ಸಿಕ್ಕದ್ದು 2.70 ಕೋಟಿ, ಎಲ್ಲ ಸೇರಿ 20 ಕೋಟಿ ಮೀರಬಾರದು ಎಂದಿತ್ತು. ತೆರಿಗೆ ಇಲಾಖೆ 20 ಕೋಟಿಯನ್ನೇ ಹಿಡಿಯಿತು. ಇನ್ನೂ ಹಕ್ಕೇ ಹುಟ್ಟದ ಹಣಕ್ಕೆ ಆ ವರ್ಷ ತೆರಿಗೆ ಹಾಕುವಂತಿಲ್ಲ ಎಂದಿತು ಕೋರ್ಟು. ದೆಹಲಿ ಹೈಕೋರ್ಟು ಅದಕ್ಕೂ ಮೊದಲು ಇನ್ನೊಂದು ಕೇಸಿನಲ್ಲಿ ಇಲಾಖೆಯ ಪರ ನಿಂತಿತ್ತು. ಹಾಗಾಗಿ ಪದ ಸುಮ್ನೆ ಅಲ್ಲ. ಕರಾರಿನಲ್ಲಿ ‘ಬಾಕಿ’, ‘ಕಂತು’ ಎಂಬ ಧಾಟಿ ಬಂದರೆ ನಾಳೆ ವಾದಕ್ಕೆ ಅದೇ ಎಳೆ ಸಿಗುತ್ತದೆ.

ಪುಣೆಯಿಂದ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ‘ಷರತ್ತಿನ ಪ್ರತಿಫಲ’ ಎಂದು ಬರೆದು, ಕೆಳಗೆ ಕೋರಿನ ಹೋಲಿಕೆ ಕೊಟ್ಟೆ. ಮಾವನವರ ಮುಖ ಸ್ವಲ್ಪ ಸಪ್ಪಗಾಯಿತು. ಆದರೆ ಅರ್ಥವಾಯಿತು. ಇನ್ನೊಂದು ಸಾಲಿದೆ. ಎರಡು ವರ್ಷ ಮುಗಿಯುವ ಮೊದಲು ಅವರ ಸ್ನೇಹಿತರು ಕೆಲಸ ಬಿಟ್ಟರೆ ಅವರ ಪಾಲಿನ ಹಣ ತಾನಾಗಿ ರದ್ದು. ಇದಕ್ಕೂ ಅದೇ ಪದ ಸಾಕಾ?

ಮುಲುಂಡ್‌ನಿಂದ

ಇದನ್ನು ಮೊದಲೇ ಹೇಳಬೇಕಿತ್ತು! ಕೆಲಸ ಬಿಟ್ಟರೆ ತಾನಾಗಿ ರದ್ದಾಗುವ ಹಣವನ್ನು ಇಂಡ್ ಎಎಸ್ 103 ಕಾರ್ಖಾನೆಯ ಬೆಲೆ ಎಂದು ಒಪ್ಪುವುದಿಲ್ಲ. ಅದು ಮುಂದಿನ ಕೆಲಸಕ್ಕೆ ಕೊಡುವ ಸಂಬಳ. ಪ್ರತಿಫಲ ಎಂದು ಬರೆದರೂ ಲೆಕ್ಕದಲ್ಲಿ ಅದು ಎರಡು ವರ್ಷ ಸಿಬ್ಬಂದಿ ಖರ್ಚಾಗಿ ಕೂರುತ್ತದೆ. ತೆರಿಗೆಯವರೂ ಸಂಬಳ ಎಂದೇ ವಾದಿಸಬಹುದು. ಆ ಖರ್ಚನ್ನು ಕಾರ್ಖಾನೆಯ ಪುಸ್ತಕಕ್ಕೇ ಹಾಕಿದರೆ ಎಬಿಟ್ಡಾ ಅಷ್ಟು ಇಳಿಯುತ್ತದೆ. ನಿಮ್ಮ ಬಹುಮಾನವೇ ನಿಮ್ಮ ಗುರಿಯನ್ನು ತಿನ್ನುತ್ತದೆ.

ಡೊಂಬಿವಲಿಯಿಂದ

ಹಾಗಾದರೆ ‘ಷರತ್ತಿನ ಸಂಬಳ’ ಅನ್ನಬೇಕೇ? ಕಿವಿಗೆ ಚೆನ್ನಾಗಿಲ್ಲ. ನನಗೆ ಸಾದಿಲ್ವಾರೇ ಇಷ್ಟ.

ಪುಣೆಯಿಂದ

ಆ ಸಾಲನ್ನು ಸದ್ಯಕ್ಕೆ ಖಾಲಿ ಬಿಟ್ಟಿದ್ದೇನೆ, ವಕೀಲರನ್ನು ಕೇಳಿ ಬರೆಯುತ್ತೇನೆ. ಮಾವನವರು ಒಂದೇ ಪ್ರಶ್ನೆ ಹಿಡಿದು ಕೂತಿದ್ದಾರೆ: “ಕಾರ್ಖಾನೆ ಅವರದಾದ ಮೇಲೆ ಲಾಭ 3 ಕೋಟಿ ಆಯಿತೋ ಇಲ್ಲವೋ ಅಂತ ಬರೆಯೋರು ಯಾರು?”

ಮುಲುಂಡ್‌ನಿಂದ

ಅವರೇ ಬರೆಯುತ್ತಾರೆ. ಮುಂಬೈ ಹೆಡ್ ಆಫೀಸಿನ ಖರ್ಚಿನಲ್ಲಿ ಒಂದು ಪಾಲನ್ನು ಭೋಸರಿಯ ಮೇಲೆ ಹಾಕಿದರೂ ಲಾಭ ಇಳಿಯುತ್ತದೆ. ಯಾವ ಖರ್ಚು ಸೇರಬಾರದು ಎಂದು ಪಟ್ಟಿ ಮಾಡಿಸಿ, ಪುಸ್ತಕ ನೋಡುವ ಹಕ್ಕು ಬರೆಸಿಕೊಳ್ಳಿ. ಜಗಳವಾದರೆ ಎರಡೂ ಕಡೆ ಒಪ್ಪಿದ ಸಿಎ ಒಬ್ಬರ ಮಾತೇ ಕೊನೆ ಎಂಬ ಸಾಲೂ ಇರಲಿ. ನಿಮ್ಮ ಮಾವನವರಿಗೆ ಇಂಗ್ಲಿಷ್ ಬಾರದಿದ್ದರೇನು, ಕೇಳಬೇಕಾದ್ದನ್ನೇ ಕೇಳಿದ್ದಾರೆ.